ತಿಂಗಳಿಗೆ 4,800 ಟಿಕೆಟ್: ಎಷ್ಟು ಜನ, ಯಾವ ಶಿಫ್ಟ್?

ಪ್ರಶ್ನೆ: ಸರ್, ನಮ್ಮದು ಮೈಸೂರಿನ ವಿಜಯನಗರದಲ್ಲಿ ಒಂದು ಸಣ್ಣ ಕಂಪನಿ. ಪೋಷಕರು ಶಾಲೆ ಫೀಸನ್ನು ಆನ್‌ಲೈನ್‌ನಲ್ಲಿ ಕಟ್ಟುವ ಸರ್ವಿಸ್ ನಡೆಸುತ್ತೇವೆ. 120 ಶಾಲೆ, ಪೋಷಕರು, ಶಾಲೆಯವರು ಕಳಿಸುವ ದೂರು, ಪ್ರಶ್ನೆಗಳ ಟಿಕೆಟ್ ತಿಂಗಳಿಗೆ ಸುಮಾರು 4,800, ಸಪೋರ್ಟ್‌ಗೆ 5 ಜನ, ಸೋಮವಾರದಿಂದ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 7. ಒಬ್ಬರು ದಿನಕ್ಕೆ 40 ಟಿಕೆಟ್ ಮಾಡಿದರೆ ಐದು ಜನ ಸಾಕು ಅಂತ ಲೆಕ್ಕ ಬರುತ್ತೆ. ಆದರೂ ತಿಂಗಳ ಮೊದಲ ಹತ್ತು ದಿನ ಎಲ್ಲ ಅಸ್ತವ್ಯಸ್ತ. ಜೂನ್‌ಗೆ ಶಾಲೆಗಳು 200 ಆಗುತ್ತವೆ. ಎಷ್ಟು ಜನರನ್ನು ತಗೋಬೇಕು? ನೈಟ್ ಶಿಫ್ಟ್ ಬೇಕಾ?

ಉತ್ತರ:

ಮೊದಲು ಆ 40ನ್ನು ಬದಿಗಿಡಿ. ಅದು ನಿಮ್ಮಲ್ಲಿ ಚುರುಕಾಗಿರುವವರೊಬ್ಬರು ಯಾವುದೋ ಒಳ್ಳೆಯ ದಿನ ಮಾಡಿದ ಸಂಖ್ಯೆ ಇರಬೇಕು. ಪಾಸ್‌ವರ್ಡ್ ಮರೆತ ಪೋಷಕರದ್ದೂ ಒಂದು ಟಿಕೆಟ್, ‘ಕಳೆದ ವಾರದ ಸೆಟಲ್‌ಮೆಂಟ್‌ನಲ್ಲಿ ಮೂರು ಸಾವಿರ ಕಮ್ಮಿ ಬಂದಿದೆ’ ಅಂತ, ಅಂದರೆ ಫೀಸಿನ ದುಡ್ಡು ಶಾಲೆಯ ಖಾತೆಗೆ ಪೂರ್ತಿ ಜಮಾ ಆಗಿಲ್ಲ ಅಂತ, ಶಾಲೆಯ ಅಕೌಂಟೆಂಟ್ ಕಳಿಸಿದ್ದೂ ಒಂದು ಟಿಕೆಟ್. ಎರಡನ್ನೂ ಒಂದೊಂದು ಅಂತ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಲೆಕ್ಕ ನಿಮಿಷದಲ್ಲಿ ಹಾಕಬೇಕು.

ನಿಮಿಷ ಅಂದ ತಕ್ಷಣ ಟಿಕೆಟ್ ಸಾಫ್ಟ್‌ವೇರ್ ತೋರಿಸುವ ‘ರೆಸಲ್ಯೂಷನ್ ಟೈಮ್’ ತೆಗೆದುಕೊಂಡು ಬಿಡಬೇಡಿ. ಅದು ಟಿಕೆಟ್ ತೆರೆದಾಗಿನಿಂದ ಮುಚ್ಚುವವರೆಗಿನ ಗಡಿಯಾರದ ಸಮಯ. ಅದರೊಳಗೆ ರಾತ್ರಿ, ಭಾನುವಾರ, ಬ್ಯಾಂಕಿನ ಉತ್ತರಕ್ಕೆ ಕಾದದ್ದು ಎಲ್ಲ ಸೇರಿರುತ್ತೆ. ನಮಗೆ ಬೇಕಿರುವುದು ಒಬ್ಬರು ಆ ಟಿಕೆಟ್ ಮೇಲೆ ನಿಜವಾಗಿ ಕೈಯಿಟ್ಟು ಕೆಲಸ ಮಾಡಿದ ಸಮಯ. ಎರಡು ಮೂರು ದಿನ ಪಕ್ಕದಲ್ಲಿ ಕೂತು ನೋಡಿ, ಇಲ್ಲ ಒಂದು ಶೀಟ್ ಕೊಟ್ಟು ಶುರು ಮಾಡಿದ್ದು ಮುಗಿಸಿದ್ದು ಬರೆಯಲು ಹೇಳಿ. ಪ್ರತಿ ಬಗೆಗೆ ಐವತ್ತು ಟಿಕೆಟ್ ಆದರೆ ಸಾಕು. ಒಂದು ಮಾತು, ಇದು ಯಾರ ಕೆಲಸವನ್ನೂ ಅಳೆಯಲು ಅಲ್ಲ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಅವಸರ ಮಾಡಿ ನಿಮಗೆ ಸುಳ್ಳು ಸಂಖ್ಯೆ ಕೊಡುತ್ತಾರೆ.

ನಿಮ್ಮ ಅಂಕಿಅಂಶ ನನ್ನ ಹತ್ತಿರ ಇಲ್ಲ. ಹಾಗಾಗಿ ಇಂಥ ಸರ್ವಿಸ್‌ಗೆ ಒಪ್ಪುವ ಸಂಖ್ಯೆಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿ ತೋರಿಸುತ್ತೇನೆ. ನಿಮ್ಮ ಸಂಖ್ಯೆ ಸಿಕ್ಕಮೇಲೆ ಬದಲಿಸಿಕೊಳ್ಳಿ.

ನೂರು ಟಿಕೆಟ್‌ನಲ್ಲಿ 40 ‘ದುಡ್ಡು ಹೋಗಿದೆ, ರಸೀದಿ ಬಂದಿಲ್ಲ’ ಅನ್ನುವ ಬಗೆ ಅಂದುಕೊಳ್ಳಿ. ಪೇಮೆಂಟ್ ಗೇಟ್‌ವೇಯಲ್ಲಿ ಹುಡುಕಿ, ನೋಡಿ, ಉತ್ತರಿಸಲು 9 ನಿಮಿಷ. 30 ಟಿಕೆಟ್ ಲಾಗಿನ್, ಓಟಿಪಿ ಬಗೆ, ತಲಾ 4 ನಿಮಿಷ. 20 ಟಿಕೆಟ್ ಶಾಲೆಯ ಲೆಕ್ಕದವು, ಸೆಟಲ್‌ಮೆಂಟ್ ತಾಳೆ ನೋಡುವಂಥವು, ತಲಾ 20 ನಿಮಿಷ. ಉಳಿದ 10 ಚಿಲ್ಲರೆ, 8 ನಿಮಿಷ. ಸರಾಸರಿ ತೆಗೆದರೆ 9.6 ನಿಮಿಷ ಬರುತ್ತೆ. ಇಲ್ಲಿಗೆ ಮುಗಿಯಲಿಲ್ಲ, ಮುಚ್ಚಿದ ಟಿಕೆಟ್ ಮತ್ತೆ ತೆರೆಯುತ್ತೆ ಅಲ್ವಾ. ನಾಲ್ಕರಲ್ಲಿ ಒಂದು ವಾಪಸ್ ಬಂದು ಇನ್ನೊಂದು ಆರು ನಿಮಿಷ ತಿನ್ನುತ್ತೆ ಅಂದರೆ ಪ್ರತಿ ಟಿಕೆಟ್‌ಗೆ ಒಂದೂವರೆ ನಿಮಿಷ ಸೇರಿಸಿ. ಒಟ್ಟು 11 ನಿಮಿಷ ಅಂತ ಇಟ್ಟುಕೊಳ್ಳೋಣ.

ಈಗ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಶಾಲೆ ಲೆಕ್ಕದ ಟಿಕೆಟ್ ಎಣಿಕೆಯಲ್ಲಿ ಐದರಲ್ಲಿ ಒಂದು. ಆದರೆ ನಿಮಿಷದಲ್ಲಿ ಒಟ್ಟು ಕೆಲಸದ ಶೇ. 42. ಮತ್ತೆ ಅದೇ ಟಿಕೆಟ್‌ಗಳು ಒಂದು ದಿನ, ಎರಡು ದಿನ ಕಾಯಬಲ್ಲವು. ದುಡ್ಡು ಹೋದ ಪೋಷಕರು ಒಂದು ಗಂಟೆಯೂ ಕಾಯುವುದಿಲ್ಲ, ಮತ್ತೆ ಮೆಸೇಜ್ ಮಾಡುತ್ತಾರೆ, ಆಮೇಲೆ ಶಾಲೆಗೆ ಫೋನ್ ಮಾಡುತ್ತಾರೆ, ಶಾಲೆಯವರು ನಿಮಗೆ ಮಾಡುತ್ತಾರೆ, ಒಂದು ಟಿಕೆಟ್ ಮೂರಾಗುತ್ತೆ. ಅಕೌಂಟೆಂಟ್‌ಗೆ ‘ನಾಳೆ ಸಂಜೆಯೊಳಗೆ ಲೆಕ್ಕ ಕಳಿಸುತ್ತೇವೆ’ ಅಂದು ಮಾತು ಉಳಿಸಿಕೊಂಡರೆ ಅವರು ಸುಮ್ನೆ ಇರುತ್ತಾರೆ. ಈಗಲೇ ಆಗಬೇಕಾದ್ದು, ಕಾಯಬಲ್ಲದ್ದು ಅನ್ನುವ ಈ ಎರಡು ಪಾಲು ಗೊತ್ತಿದ್ದರೆ ಶಿಫ್ಟ್ ಹಾಕುವುದು ಅರ್ಧ ಮುಗಿದ ಹಾಗೆ. ಎರಡನ್ನೂ ಒಂದೇ ಸಾಲಿನಲ್ಲಿ, ಬಂದ ಕ್ರಮದಲ್ಲಿ ತೆಗೆಯುತ್ತಿದ್ದರೆ ಬೆಳಿಗ್ಗೆ ಹತ್ತಕ್ಕೆ ಬಂದವರು ಮೊದಲ ಮೂರು ಗಂಟೆ ಸೆಟಲ್‌ಮೆಂಟ್ ತಾಳೆ ನೋಡುತ್ತಾ ಕೂತಿರುತ್ತಾರೆ, ಹೊರಗೆ ಅರವತ್ತು ಪೋಷಕರು ಕಾಯುತ್ತಿರುತ್ತಾರೆ. ನಿಮ್ಮಲ್ಲಿ ಆಗುತ್ತಿರುವುದು ಬಹುಶಃ ಇದೇ.

ಸರಿ, ತಿಂಗಳ ಕೆಲಸ: 4,800 × 11 ನಿಮಿಷ, ಅಂದರೆ 880 ಗಂಟೆ. ಒಬ್ಬರು ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆಗೆ ಸಂಬಳ ತೆಗೆದುಕೊಳ್ಳುತ್ತಾರೆ. 880ನ್ನು 208ರಿಂದ ಭಾಗಿಸಿ ನಾಲ್ಕೂಕಾಲು ಜನ ಅನ್ನುವವರೂ ಇದ್ದಾರೆ. ಆದರೆ ಸಂಬಳದ ಗಂಟೆ ಎಲ್ಲ ಟಿಕೆಟ್‌ಗೆ ಸಿಗುವುದಿಲ್ಲ.

ರಜೆಯಿಂದ ಶುರು ಮಾಡಿ. ವಾರಕ್ಕೊಂದು ರಜೆ ಕಳೆದರೆ ವರ್ಷಕ್ಕೆ 313 ದಿನ. ಅದರಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆ 10. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಪ್ರಕಾರ ಕಾಯಿಲೆ ರಜೆ 12, ಗಳಿಕೆ ರಜೆ 20 ದಿನ ದುಡಿದರೆ ಒಂದು, ಅಂದರೆ ವರ್ಷಕ್ಕೆ ಸುಮಾರು 14. ಒಟ್ಟು 36 ದಿನ, ಶೇ. 11.5. ಇದು ಯಾರೋ ಸುಳ್ಳು ಹೇಳಿ ಹಾಕುವ ರಜೆಯಲ್ಲ, ಅವರ ಹಕ್ಕು. ಪ್ಲಾನ್‌ನಲ್ಲಿ ಮೊದಲೇ ಇರಬೇಕು. ಇನ್ನು ಬಂದ ದಿನವೂ ಎರಡು ಸಲ ಕಾಫಿ ಬ್ರೇಕ್ ಅರ್ಧ ಗಂಟೆ, ಮೀಟಿಂಗ್ ಕಾಲು ಗಂಟೆ, ಹೊಸದು ಕಲಿಯಲು, ಉತ್ತರದ ಮಾದರಿ ಬರೆಯಲು ಇನ್ನೊಂದು ಕಾಲು ಗಂಟೆ. ಎಂಟರಲ್ಲಿ ಒಂದು ಗಂಟೆ ಹೋಯಿತು, ಶೇ. 12.5. ಉಳಿದದ್ದು ತಿಂಗಳಿಗೆ 161 ಗಂಟೆ.

ಆ 161 ಗಂಟೆಯೂ ತುಂಬಿ ತುಳುಕುವಂತೆ ಇಡಬಾರದು. ಟಿಕೆಟ್‌ಗಳು ಬಸ್ಸಿನ ವೇಳಾಪಟ್ಟಿಯಂತೆ ಬರುವುದಿಲ್ಲ, ಹತ್ತು ಒಟ್ಟಿಗೆ ಬಂದು ಆಮೇಲೆ ಇಪ್ಪತ್ತು ನಿಮಿಷ ಏನೂ ಇರುವುದಿಲ್ಲ. ಕೂತ ಸಮಯದಲ್ಲಿ ಟಿಕೆಟ್ ಮೇಲೆ ಕಳೆಯುವ ಪಾಲನ್ನು ಆಕ್ಯುಪೆನ್ಸಿ ಅನ್ನುತ್ತೇವೆ. ನಿಮ್ಮಂಥ ಸಣ್ಣ ತಂಡಕ್ಕೆ ಶೇ. 80ರಿಂದ 85 ಇಟ್ಟುಕೊಳ್ಳುವುದು ಸರಿ. 82 ಅಂತ ಇಟ್ಟರೆ ಒಬ್ಬರಿಂದ ಸಿಗುವುದು 132 ಗಂಟೆ.

ಶೀಟ್‌ನಲ್ಲಿ ಇದನ್ನು ಹೀಗೆ ಹಾಕಿ. B1 ಟಿಕೆಟ್, B2 ನಿಮಿಷ, B3 ಸಂಬಳದ ಗಂಟೆ, B4 ರಜೆ, B5 ದಿನದೊಳಗಿನ ಸೋರಿಕೆ, B6 ಆಕ್ಯುಪೆನ್ಸಿ:

```
=ROUNDUP(B1*B2/60/(B3*(1-B4)*(1-B5)*B6),0)
```

4800, 11, 208, 11.5%, 12.5%, 82% ಹಾಕಿದರೆ 6.66, ಅಂದರೆ ಏಳು ಜನ. ಆಕ್ಯುಪೆನ್ಸಿ ನೂರಕ್ಕೆ ನೂರು ಇಟ್ಟರೂ ಐದೂವರೆ. ಅಂದರೆ ನಿಮ್ಮ ಐವರು ಒಂದು ನಿಮಿಷವೂ ಬಿಡುವಿಲ್ಲದೆ ದುಡಿದರೂ ಸಾಲುವುದಿಲ್ಲ. ಹಾಗಾದರೆ ಇಷ್ಟು ದಿನ ಹೇಗೆ ನಡೆಯಿತು ಅಂತ ಕೇಳಬಹುದು. ಊಟದ ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿದಿದೆ, ಏಳಕ್ಕೆ ಹೊರಡಬೇಕಾದವರು ಎಂಟಕ್ಕೆ ಹೊರಡುತ್ತಿದ್ದಾರೆ, ರಜೆ ಕೇಳಿದರೆ ಮುಂದಿನ ತಿಂಗಳು ನೋಡೋಣ ಅನ್ನುತ್ತಿದ್ದೀರಿ, ಮತ್ತೆ ಟಿಕೆಟ್‌ಗಳನ್ನು ಅರ್ಧ ಉತ್ತರ ಕೊಟ್ಟು ಮುಚ್ಚುತ್ತಿದ್ದಾರೆ. ಕೊನೆಯದನ್ನು ಪತ್ತೆ ಮಾಡುವುದು ಸುಲಭ. ಒಂದು ಟಿಕೆಟ್‌ಗೆ ತಗಲುವ ನಿಮಿಷ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ, ಮತ್ತೆ ತೆರೆಯುವ ಟಿಕೆಟ್ ಏರುತ್ತಿದೆ ಅಂದರೆ ತಂಡ ಚುರುಕಾಗುತ್ತಿಲ್ಲ, ಉಸಿರು ಕಟ್ಟುತ್ತಿದೆ.

ಇದು ಸರಾಸರಿ ತಿಂಗಳ ಲೆಕ್ಕ. ನಿಮ್ಮ ತೊಂದರೆ ಇರುವುದು ಮೊದಲ ಹತ್ತು ದಿನದಲ್ಲಿ. ಫೀಸಿನ ಕೊನೆ ದಿನಾಂಕ ಸಾಮಾನ್ಯವಾಗಿ 10 ಇರುವುದರಿಂದ ಅರ್ಧ ಟಿಕೆಟ್ ಆ ಹತ್ತು ದಿನದಲ್ಲೇ ಬರುತ್ತೆ ಅಂದುಕೊಂಡರೆ, ಅಲ್ಲಿ ದಿನಕ್ಕೆ 240, ಉಳಿದ ಇಪ್ಪತ್ತು ದಿನ ದಿನಕ್ಕೆ 120. ಎರಡೂ ಭಾಗಕ್ಕೆ ಕೆಲಸ ತಲಾ 440 ಗಂಟೆ. ಒಂದು ಕಡೆ ಅದನ್ನು ಹತ್ತು ದಿನದಲ್ಲಿ ಮುಗಿಸಬೇಕು, ಇನ್ನೊಂದು ಕಡೆ ಇಪ್ಪತ್ತು ದಿನ ಸಿಗುತ್ತೆ.

ಹಾಗಾಗಿ ಮೊದಲ ಹತ್ತು ದಿನ ಪ್ಲಾನ್ ಮಾಡಿದ ರಜೆ ಬೇಡ, ಮೀಟಿಂಗ್ ಬೇಡ, ಟ್ರೈನಿಂಗ್ ಬೇಡ. ವಾರದ ರಜೆ ಮಾತ್ರ ಮುಟ್ಟಬೇಡಿ, ಅದು ಕಾನೂನು, ಅದಕ್ಕಿಂತ ಹೆಚ್ಚಾಗಿ ಎಂಟನೇ ದಿನಕ್ಕೆ ಜನ ಸೋತಿರುತ್ತಾರೆ. ಹತ್ತರಲ್ಲಿ ಎಂಟೂವರೆ ದಿನ ಒಬ್ಬರು ಸಿಗುತ್ತಾರೆ ಅಂತ ಹಿಡಿದರೆ, ಕಾಫಿ ಬ್ರೇಕ್ ಬಿಟ್ಟು ಏಳೂವರೆ ಗಂಟೆ, ಶೇ. 85 ಆಕ್ಯುಪೆನ್ಸಿ, ಒಬ್ಬರಿಂದ 54 ಗಂಟೆ. 440ಕ್ಕೆ ಸುಮಾರು ಎಂಟು ಜನ ಬೇಕು. ಉಳಿದ ಇಪ್ಪತ್ತು ದಿನಕ್ಕೆ ತಿಂಗಳ ರಜೆ, ಟ್ರೈನಿಂಗ್ ಎಲ್ಲ ಅಲ್ಲಿಗೇ ತಳ್ಳಿದರೂ ಆರು ಜನ ಸಾಕು.

ಎಂಟು ಜನರನ್ನು ಕಾಯಂ ತೆಗೆದುಕೊಳ್ಳಿ ಅನ್ನುವುದಿಲ್ಲ ನಾನು. ಏಳು ಕಾಯಂ. ಎಂಟನೆಯವರನ್ನು ಹತ್ತು ದಿನಕ್ಕೆ ಸಾಲ ತನ್ನಿ, ಶಾಲೆಗಳಿಗೆ ಹೋಗಿ ಸಿಸ್ಟಂ ಹಾಕಿಕೊಡುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ತಿಂಗಳ ಮೊದಲ ವಾರ ಶಾಲೆಯ ಆಫೀಸಿನವರೂ ಫೀಸಿನ ಗಲಾಟೆಯಲ್ಲಿ ಇರುತ್ತಾರೆ, ಆಗ ಹೊಸ ಸಿಸ್ಟಂ ಮಾತಾಡಲು ಅವರಿಗೂ ಪುರುಸೊತ್ತಿಲ್ಲ. ಆ ವ್ಯಕ್ತಿಗೆ ಶಾಲೆ ಲೆಕ್ಕದ ಟಿಕೆಟ್ ಮಾತ್ರ ಕೊಡಿ, ಅವರಿಗೆ ಆ ಶಾಲೆಗಳ ಅಕೌಂಟ್ ಗೊತ್ತಿರುತ್ತೆ. ಪೋಷಕರ ಚಾಟ್‌ಗೆ ಕೂರಿಸಿದರೆ ಎರಡೂ ಕೆಡುತ್ತೆ.

ಇನ್ನು ದಿನದ ಆಕಾರ. ನಿಮ್ಮ ಟಿಕೆಟ್‌ಗಳನ್ನು ಬಂದ ಗಂಟೆಯ ಪ್ರಕಾರ ಎಣಿಸಿ, ಸೋಮವಾರ ಬೇರೆ, ಉಳಿದ ದಿನ ಬೇರೆ. ಒಂದು ಎಚ್ಚರಿಕೆ: ‘ಉತ್ತರಿಸಿದ ಗಂಟೆ’ ತೆಗೆದುಕೊಳ್ಳಬೇಡಿ, ಅದು ನಿಮ್ಮ ಶಿಫ್ಟನ್ನೇ ತಿರುಗಿಸಿ ತೋರಿಸುತ್ತೆ. ನೀವು ಏಳಕ್ಕೆ ಬಾಗಿಲು ಹಾಕುವುದರಿಂದ ಸಂಜೆ ಕೆಲಸವೇ ಇಲ್ಲ ಅನ್ನಿಸುತ್ತೆ, ಬೆಳಿಗ್ಗೆ ಹತ್ತಕ್ಕೆ ಗುಡ್ಡೆ ಬಿದ್ದಿರುತ್ತೆ. ಪೋಷಕರು ಕೆಲಸದಿಂದ ಮನೆಗೆ ಬಂದು, ಮಗುವಿನ ಡೈರಿ ನೋಡಿ, ಫೀಸ್ ಕಟ್ಟುವುದು ಸಂಜೆ. ಆರರಿಂದ ಒಂಬತ್ತೂವರೆಯೊಳಗೆ ದಿನದ ಶೇ. 30 ಬರುತ್ತೆ ಅಂತ ಇಟ್ಟುಕೊಳ್ಳಿ. ನಿಮ್ಮ ಸಂಖ್ಯೆ ಇದಕ್ಕಿಂತ ಜಾಸ್ತಿ ಇದ್ದರೂ ಆಶ್ಚರ್ಯವಿಲ್ಲ.

ಇಲ್ಲಿ ಸಂಜೆ ಇಬ್ಬರಾ ಮೂವರಾ ಅನ್ನುವ ಪ್ರಶ್ನೆ ಬರುತ್ತೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲ ಹತ್ತು ದಿನ ಸಂಜೆ ಗಂಟೆಗೆ ಸುಮಾರು 20 ಟಿಕೆಟ್. ಅದರಲ್ಲಿ ಈಗಲೇ ಉತ್ತರಿಸಬೇಕಾದ್ದು 16, ಅವುಗಳ ಸರಾಸರಿ 7 ನಿಮಿಷ. ಗಂಟೆಗೆ 112 ನಿಮಿಷದ ಕೆಲಸ. ಇಬ್ಬರು ಕೂತರೆ 120 ನಿಮಿಷ ಇದೆ, ಹಿಡಿಸಿತಲ್ಲ ಅನ್ನಿಸುತ್ತೆ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದಾಗ 1917ರಲ್ಲಿ ಪ್ರಕಟಿಸಿದ ಸೂತ್ರವನ್ನು ಇವತ್ತಿಗೂ ಕಾಲ್ ಸೆಂಟರ್‌ಗಳು ಬಳಸುತ್ತವೆ, ‘ಎರ್ಲಾಂಗ್ ಸಿ’ ಅಂತ ಅದರ ಹೆಸರು. ಅದರಲ್ಲಿ ಈ ಸಂಖ್ಯೆ ಹಾಕಿದರೆ, ಇಬ್ಬರಿದ್ದಾಗ ಒಬ್ಬ ಪೋಷಕರು ಸರಾಸರಿ ಕಾಯುವುದು ಸುಮಾರು 50 ನಿಮಿಷ. ಮೂವರಿದ್ದಾಗ ಎರಡೂವರೆ ನಿಮಿಷ. ಒಬ್ಬರು ಹೆಚ್ಚಾದದ್ದಕ್ಕೆ ಕಾಯುವುದು ಮೂರನೇ ಎರಡು ಭಾಗಕ್ಕೆ ಇಳಿಯಲಿಲ್ಲ, ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯಿತು. ಕಾರಣ ಇಷ್ಟೇ, ಇಬ್ಬರೂ ಹೆಚ್ಚುಕಮ್ಮಿ ಪೂರ್ತಿ ತುಂಬಿದ್ದಾಗ ಒಮ್ಮೆ ಒಟ್ಟಿಗೆ ಐದು ಟಿಕೆಟ್ ಬಂದರೆ ಆ ಸಾಲು ಕರಗಲು ಬಿಡುವೇ ಸಿಗುವುದಿಲ್ಲ, ಅದರ ಮೇಲೆ ಇನ್ನೊಂದು ಬೀಳುತ್ತೆ.

ಮೂವರಿದ್ದರೆ ಗಂಟೆಗೆ 68 ನಿಮಿಷ ಖಾಲಿ ಕೂರುತ್ತಾರಲ್ಲ ಅಂತ ನಿಮ್ಮ ಫೈನಾನ್ಸ್‌ನವರು ಕೇಳುತ್ತಾರೆ. ಖಾಲಿ ಕೂರುವುದಿಲ್ಲ. ಕಾಯಬಲ್ಲ ಶಾಲೆ ಲೆಕ್ಕದ ಟಿಕೆಟ್ ಇರುವುದೇ ಈ ಸಂದುಗಳಿಗೆ. ಪೋಷಕರು ಬಂದರೆ ಅದನ್ನು ಬಿಟ್ಟು ಇದಕ್ಕೆ ಬರಬೇಕು, ಅದೊಂದು ಶಿಸ್ತು ತಂಡಕ್ಕೆ ಇರಬೇಕು. ಹನ್ನೊಂದನೇ ತಾರೀಖಿನ ಮೇಲೆ ಟಿಕೆಟ್ ಅರ್ಧವಾಗುತ್ತೆ, ಆಗ ಸಂಜೆಗೆ ಇಬ್ಬರು ಧಾರಾಳ.

ಈ ಸೂತ್ರವನ್ನು ಎಲ್ಲಕ್ಕೂ ಹಚ್ಚಬೇಡಿ. ಚಾಟ್, ಫೋನ್, ತಕ್ಷಣ ಉತ್ತರಿಸುವ ಟಿಕೆಟ್‌ಗೆ ಅದು ಸರಿ. ನಾಳೆವರೆಗೆ ಸಮಯವಿರುವ ಇಮೇಲ್‌ಗೆ ಹಾಕಿದರೆ ಬೇಕಿಲ್ಲದಷ್ಟು ಜನರನ್ನು ಕೇಳುತ್ತೆ. ಕಾದು ಬೇಸತ್ತು ಯಾರೂ ಬಿಟ್ಟುಹೋಗುವುದಿಲ್ಲ ಅಂತಲೂ ಅದು ನಂಬುತ್ತೆ, ನಿಮ್ಮ ಪೋಷಕರು ಬಿಟ್ಟುಹೋಗುತ್ತಾರೆ, ಶಾಲೆಗೆ.

ಏಳು ಜನರ ಶಿಫ್ಟ್ ನಾನಾದರೆ ಹೀಗೆ ಹಾಕುತ್ತೇನೆ. ಬೆಳಿಗ್ಗೆ 8ರಿಂದ 5 ಇಬ್ಬರು, ಇವರು ರಾತ್ರಿ ಬಿದ್ದದ್ದನ್ನು ಹತ್ತರೊಳಗೆ ಖಾಲಿ ಮಾಡುತ್ತಾರೆ. 10ರಿಂದ 7 ಇಬ್ಬರು, ಮಧ್ಯಾಹ್ನ ಎರಡರಿಂದ ಐದರವರೆಗೆ ಟಿಕೆಟ್ ಕಮ್ಮಿ ಇರುವ ಹೊತ್ತಿನಲ್ಲಿ ಶಾಲೆ ಲೆಕ್ಕ ಇವರದು. 12:30ರಿಂದ 9:30 ಮೂವರು. ಎಲ್ಲ ಒಂಬತ್ತು ಗಂಟೆಯ ಶಿಫ್ಟ್, ಒಂದು ಗಂಟೆ ಊಟಕ್ಕೆ, ದುಡಿಯುವುದು ಎಂಟು. ವಾರಕ್ಕೆ ಆರು ದಿನ ಅಂದರೆ 48 ಗಂಟೆ, ಕಾಯ್ದೆಯ ಮಿತಿಗೆ ಸರಿಯಾಗಿ ಬಂದು ನಿಲ್ಲುತ್ತೆ, ಆಮೇಲೆ ಒಂದು ಗಂಟೆ ಎಳೆದರೂ ಅದು ಓವರ್‌ಟೈಮ್. ಸತತ ಐದು ಗಂಟೆ ಮೀರಿ ಬಿಡುವಿಲ್ಲದೆ ಕೂರಿಸುವಂತಿಲ್ಲ, ಹಾಗಾಗಿ 12:30ಕ್ಕೆ ಬಂದವರ ಬಿಡುವಿನ ಗಂಟೆ ನಾಲ್ಕೂವರೆಗೆ ಇಡಿ, ಆರರ ಅಲೆ ಬರುವಷ್ಟರಲ್ಲಿ ಮೂವರೂ ಸೀಟಿನಲ್ಲಿ ಇರುತ್ತಾರೆ.

ಭಾನುವಾರ ಮುಚ್ಚುವುದು ಬಿಡಿ. ಭಾನುವಾರ ಸಂಜೆ ಪೋಷಕರು ಫೀಸ್ ಕಟ್ಟುತ್ತಾರೆ, ನಿಮ್ಮ ಸೋಮವಾರ ಹಾಳಾಗುವುದು ಅದರಿಂದಲೇ. ಮೂವರು, ಮೂವರೂ ಸಂಜೆ ಶಿಫ್ಟ್‌ನಲ್ಲಿ, ಬೆಳಿಗ್ಗೆ ಯಾರೂ ಬೇಡ. ಆ ಮೂವರಿಗೆ ಬುಧ, ಗುರು, ಶುಕ್ರ ಒಂದೊಂದು ದಿನ ರಜೆ, ಉಳಿದ ನಾಲ್ವರಿಗೆ ಭಾನುವಾರ. ಸೋಮ, ಮಂಗಳ, ಶನಿವಾರ ಏಳೂ ಜನ ಸಿಗುತ್ತಾರೆ. ಭಾನುವಾರದ ಸರದಿ ತಿರುಗುತ್ತಿರಲಿ, ಹದಿನೈದು ದಿನ ಮುಂಚೆ ಪಟ್ಟಿ ಗೋಡೆ ಮೇಲಿರಲಿ. ಪಟ್ಟಿ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬಂದರೆ ಒಳ್ಳೆಯವರು ಮೂರು ತಿಂಗಳಲ್ಲಿ ಬೇರೆ ಕೆಲಸ ಹುಡುಕುತ್ತಾರೆ. ಸಂಜೆ ಶಿಫ್ಟ್ ಮುಗಿಸಿದವರನ್ನು ಮನೆಗೆ ಬಿಡುವ ಗಾಡಿಯ ಖರ್ಚನ್ನೂ ಈಗಲೇ ಬರೆದಿಡಿ. ಶ್ರೀರಂಗಪಟ್ಟಣ, ಮಂಡ್ಯ ಕಡೆಯಿಂದ ದಿನಾ ಬಂದು ಹೋಗುವವರಿದ್ದರೆ ಅವರನ್ನು ಬೆಳಗಿನ ಶಿಫ್ಟ್‌ಗೆ ಹಾಕಿ. ಹೆಣ್ಣುಮಕ್ಕಳು ರಾತ್ರಿ ದುಡಿಯಬೇಕಾದರೆ ಅವರ ಒಪ್ಪಿಗೆ, ಸುರಕ್ಷಿತ ವಾಹನ ಇವೆಲ್ಲ ಕಾನೂನಿನ ಷರತ್ತುಗಳು. ನಿಮ್ಮ ಲೇಬರ್ ಕನ್ಸಲ್ಟೆಂಟ್ ಹತ್ತಿರ ಶಿಫ್ಟ್ ಸಮಯ ಒಮ್ಮೆ ತೋರಿಸಿಕೊಳ್ಳಿ.

ದಸರಾಕ್ಕೆ ಎಲ್ಲರೂ ಒಟ್ಟಿಗೆ ರಜೆ ಕೇಳುತ್ತಾರೆ ಅಂತ ಹೆದರಬೇಡಿ. ನಿಮ್ಮ ಅದೃಷ್ಟ, ಆಗ ಶಾಲೆಗೂ ರಜೆ, ಟಿಕೆಟ್ ಕಮ್ಮಿ. ಜಂಬೂಸವಾರಿ ದಿನ ಇಬ್ಬರು ಮನೆಯಿಂದಲೇ ಲಾಗಿನ್ ಆದರೆ ಸಾಕು, ಊರೊಳಗೆ ಗಾಡಿ ಓಡಿಸುವ ಕಷ್ಟ ನಿಮಗೆ ಗೊತ್ತೇ ಇದೆ.

ನೈಟ್ ಶಿಫ್ಟ್ ಬೇಡ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಶೇ. 4 ಟಿಕೆಟ್ ಅಂದರೂ, ಹೆಚ್ಚು ಬರುವ ದಿನ ಹತ್ತು. ಎರಡು ಗಂಟೆಯಷ್ಟು ಕೆಲಸವೂ ಇಲ್ಲ. ಅದಕ್ಕೆ ರಾತ್ರಿ ಒಬ್ಬರನ್ನೇ ಕೂರಿಸುವುದು ಸರಿಯಲ್ಲ, ಇಬ್ಬರು ಬೇಕು. ಏಳು ರಾತ್ರಿಗೆ ಎರಡು ಸೀಟು ಅಂದರೆ ವಾರದ ರಜೆ, ಇತರ ರಜೆ ಸೇರಿ ಮೂರು ಜನರ ಸಂಬಳ. ಅದರ ಬದಲು ರಾತ್ರಿ ಬಂದ ಟಿಕೆಟ್‌ಗೆ ‘ಬೆಳಿಗ್ಗೆ ಹತ್ತರೊಳಗೆ ಉತ್ತರಿಸುತ್ತೇವೆ, ದಯವಿಟ್ಟು ಮತ್ತೆ ಪಾವತಿ ಮಾಡಬೇಡಿ’ ಅಂತ ತಾನಾಗಿ ಹೋಗುವ ಉತ್ತರ ಇಡಿ. ಪಾವತಿಯೇ ಪೂರ್ತಿ ನಿಂತರೆ ಎಬ್ಬಿಸಲು ಒಬ್ಬ ಎಂಜಿನಿಯರ್ ಸರದಿಯಲ್ಲಿ ಫೋನ್ ಇಟ್ಟುಕೊಂಡು ಮಲಗಲಿ, ಅಷ್ಟು ಸಾಕು.

ಇನ್ನು ಜೂನ್. 120 ಶಾಲೆಗೆ 4,800 ಆದರೆ 200ಕ್ಕೆ 8,000, ಹನ್ನೊಂದು ಅಥವಾ ಹನ್ನೆರಡು ಜನ, ಇದು ಎಲ್ಲರೂ ಹಾಕುವ ಲೆಕ್ಕ. ಇದು ಜೂನ್‌ಗೆ ಕಡಿಮೆ, ಆಗಸ್ಟ್‌ಗೆ ಜಾಸ್ತಿ. ಹೊಸದಾಗಿ ಸೇರಿದ ಶಾಲೆಯ ಪೋಷಕರೆಲ್ಲ ಮೊದಲ ಸಲ ಲಾಗಿನ್ ಆಗುತ್ತಾರೆ, ಅದಕ್ಕೆ ಮೊದಲ ಎರಡು ತಿಂಗಳು ಟಿಕೆಟ್ ಸುರಿಯುತ್ತೆ, ಆಮೇಲೆ ಇಳಿಯುತ್ತೆ. ನಿಮ್ಮ ಶಾಲೆಗಳನ್ನು ಸೇರಿದ ತಿಂಗಳ ಪ್ರಕಾರ ವಿಂಗಡಿಸಿ ನೋಡಿ. ಈಗಿನ 120ರಲ್ಲಿ 20 ಹೊಸವು, ತಲಾ 90 ಟಿಕೆಟ್, ಹಳೆಯ 100 ಶಾಲೆ ತಲಾ 30 ಅಂತ ಬಂದರೆ ಅದೇ 4,800. ಜೂನ್‌ನಲ್ಲಿ 80 ಹೊಸವು, 120 ಹಳೆಯವು: 7,200 ಮತ್ತು 3,600, ಒಟ್ಟು 10,800. ಆಗಸ್ಟ್‌ನಲ್ಲಿ ಎಲ್ಲ ಹಳೆಯವು, 6,000.

ಸಂಖ್ಯೆ ಮಾತ್ರ ಅಲ್ಲ, ನಿಮಿಷವೂ ಬದಲಾಗುತ್ತೆ. ಹೊಸ ಶಾಲೆಯ ಟಿಕೆಟ್ ಹೆಚ್ಚಾಗಿ ಲಾಗಿನ್ ಬಗೆ, ಸರಾಸರಿ 7 ನಿಮಿಷ ಅಂದರೆ, ಈಗಿನ ಒಟ್ಟು ಸರಾಸರಿ 11 ಆಗಲು ಹಳೆಯ ಶಾಲೆಯದ್ದು 13.4 ನಿಮಿಷ ಇರಲೇಬೇಕು. ಆ ಲೆಕ್ಕದಲ್ಲಿ ಜೂನ್‌ಗೆ ಸುಮಾರು 1,640 ಗಂಟೆ, ಹದಿಮೂರು ಜನ. ಆಗಸ್ಟ್‌ಗೆ 1,340 ಗಂಟೆ, ಲೆಕ್ಕದಲ್ಲಿ 10.15, ಹತ್ತು ಜನರಲ್ಲಿ ಹೊಂದಿಸಬಹುದು. ಹಾಗಾಗಿ ಕಾಯಂ ಹತ್ತು. ಜೂನ್, ಜುಲೈಗೆ ಮೂವರು ತಾತ್ಕಾಲಿಕ, ಅವರಿಗೆ ಲಾಗಿನ್ ಟಿಕೆಟ್ ಮಾತ್ರ. ಆ ಕೆಲಸ ಒಂದು ವಾರದಲ್ಲಿ ಕಲಿಸಬಹುದು. ಸೆಟಲ್‌ಮೆಂಟ್ ತಾಳೆ ನೋಡುವುದನ್ನು ಒಂದು ವಾರದಲ್ಲಿ ಕಲಿಸಲಾಗದು. 80 ಶಾಲೆಯಲ್ಲಿ ಸ್ವಲ್ಪವನ್ನು ಏಪ್ರಿಲ್, ಮೇ ಅಡ್ಮಿಷನ್ ಹೊತ್ತಿಗೇ ಸೇರಿಸಿಕೊಂಡರೆ ಆ ಮೂವರೂ ಬೇಕಾಗದಿರಬಹುದು, ಸೇಲ್ಸ್‌ನವರ ಹತ್ತಿರ ಈ ಮಾತು ಈಗಲೇ ಆಡಿ.

ಕಾಯಂ ಜನರನ್ನು ಮೇ ಕೊನೆಗೆ ಹುಡುಕಿದರೆ ಜೂನ್‌ಗೆ ಉಪಯೋಗವಿಲ್ಲ. ಹುಡುಕಲು ಎರಡು ಮೂರು ವಾರ, ಹಳೆಯ ಕಂಪನಿಯ ನೋಟಿಸ್ ಒಂದು ತಿಂಗಳು, ಕಲಿಯಲು ಇನ್ನೊಂದು ತಿಂಗಳು. ಮಾರ್ಚ್ ಮಧ್ಯದೊಳಗೆ ಶುರು ಮಾಡಬೇಕು. ಕಲಿಯುವ ತಿಂಗಳಲ್ಲಿ ಹೊಸಬರನ್ನು ಅರ್ಧ ಜನ ಅಂತ ಎಣಿಸಿ, ಕಲಿಸುವ ಹಳಬರ ಗಂಟೆಯನ್ನೂ ಕಳೆಯಿರಿ.

ಜನರನ್ನು ಸೇರಿಸುವ ಮೊದಲು ಒಂದು ಕಡೆ ಟಿಕೆಟ್ಟನ್ನೇ ಇಳಿಸಬಹುದು. ದುಡ್ಡು ಕಡಿತವಾಗಿ ರಸೀದಿ ಬಾರದ ಯುಪಿಐ ಪಾವತಿಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಗಡುವು ಹಾಕಿದೆ. ವ್ಯಾಪಾರಿಗೆ ಪಾವತಿ ಖಚಿತವಾಗದಿದ್ದರೆ ವಹಿವಾಟಿನ ದಿನದಿಂದ ಐದು ದಿನದೊಳಗೆ ಹಣ ತಾನಾಗಿ ವಾಪಸ್ ಹೋಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಪೋಷಕರಿಗೆ ಇದು ಗೊತ್ತಿಲ್ಲ, ಐದು ದಿನವೂ ದಿನಕ್ಕೊಂದು ಸಲ ಕೇಳುತ್ತಾರೆ. ಆ್ಯಪ್‌ನಲ್ಲೇ ‘ಬಾಕಿ ಇದೆ, ಇಂಥ ತಾರೀಖಿನೊಳಗೆ ರಸೀದಿ ಅಥವಾ ಹಣ ವಾಪಸ್’ ಅಂತ ತೋರಿಸಿಬಿಡಿ. ಮತ್ತೆ ತೆರೆಯುವ ಟಿಕೆಟ್‌ನಲ್ಲಿ ಇಳಿತ ಮೊದಲು ಕಾಣುವುದು ಅಲ್ಲೇ.

ಜೂನ್ ದೂರ ಇದೆ, ಈ ಏಳು ಜನರ ಲೆಕ್ಕ ನಿಮ್ಮಲ್ಲಿ ಹಿಡಿಯುತ್ತಾ ಅಂತ ಮುಂದಿನ ತಿಂಗಳೇ ಗೊತ್ತಾಗುತ್ತೆ. 10ನೇ ತಾರೀಖು ಸಂಜೆ, ಬಾಕಿ ಉಳಿದ ಶಾಲೆ ಲೆಕ್ಕದ ಟಿಕೆಟ್ ಎಣಿಸಿ. ಆ ದಿನಗಳಲ್ಲಿ ಅವು ದಿನಕ್ಕೆ 48ರಂತೆ ಬರುತ್ತವೆ, ಹಾಗಾಗಿ ಬಾಕಿ ನೂರರ ಒಳಗಿದ್ದರೆ ಎರಡು ದಿನದ ಮಾತು ಉಳಿಯುತ್ತೆ. ಸಾಲ ತಂದ ಎಂಟನೆಯವರು ಇದ್ದೂ ಎರಡು ತಿಂಗಳು ಸತತ ನೂರು ದಾಟಿದರೆ, ಆ ಎಂಟನೆಯವರನ್ನು ಮಾರ್ಚ್‌ವರೆಗೆ ಕಾಯದೆ ಕಾಯಂ ಮಾಡಿಕೊಳ್ಳಿ.